ಡಾಕ್ಟರಿಗೆ, ಸಿಸ್ಟರಿಗೆ ಹುಟ್ಟುಹಬ್ಬದ ಮೆಸೇಜ್ ಬರೆಯೋದು ಹೇಗೆ: ಮೂರನೇ ಬೆಡ್ಡಿನ ಮೇಷ್ಟ್ರ ಮಗ ಕಲಿತದ್ದು

ನಮ್ಮಪ್ಪ ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡರು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಬೆಳಗಿನ ಶಿಫ್ಟು. ಒಂದು ಸಲಕ್ಕೆ ನಾಲ್ಕು ಗಂಟೆ. ಅಷ್ಟು ದಿನ ಅದೇ ಕೋಣೆಗೆ ಹೋಗಿಬಂದರೆ ಅಲ್ಲಿರುವ ಸಿಸ್ಟರುಗಳು ಹೆಚ್ಚುಕಡಿಮೆ ನೆಂಟರೇ ಆಗಿಬಿಡುತ್ತಾರೆ. ಅವರಲ್ಲಿ ಒಬ್ಬರ ಹುಟ್ಟುಹಬ್ಬ ಯಾವತ್ತು ಅಂತ ನನಗೆ ಗೊತ್ತಿತ್ತು. ಅಪ್ಪ ಹೋದ ಮೇಲೆ ಬಂದ ಮೊದಲ ಹುಟ್ಟುಹಬ್ಬಕ್ಕೆ ಒಂದು ಮೆಸೇಜ್ ಕಳಿಸಬೇಕು ಅನ್ನಿಸಿತು. ಫೋನ್ ಹಿಡಿದು ಕೂತೆ. ನಾಲ್ಕು ಸಾಲು ಬರೆಯಲು ಎರಡು ಸಂಜೆ ಹಿಡಿಯಿತು.

ಸುಮ್ನೆ "ಹ್ಯಾಪಿ ಬರ್ತ್‌ಡೇ ಸಿಸ್ಟರ್" ಅಂತ ಒಂದು ಕೇಕಿನ ಚಿತ್ರ ಹಾಕಿ ಕಳಿಸಬಹುದಿತ್ತು. ಅದು ತೀರಾ ಕಡಿಮೆ. ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದರೆ ಹಾರ ಹಾಕಿ ಸನ್ಮಾನ ಮಾಡಿದ ಹಾಗಾಗುತ್ತದೆ, ಓದುವವರಿಗೆ ಮುಜುಗರ. ಎರಡರ ಮಧ್ಯೆ ಎಲ್ಲಿ ನಿಲ್ಲಬೇಕು ಅನ್ನೋದನ್ನು ನಾನು ತಪ್ಪು ಮಾಡಿಯೇ ಕಲಿತೆ. ನಿಮಗೂ ಇಂಥ ಒಬ್ಬರಿಗೆ ಬರೆಯುವುದಿದ್ದರೆ ನನ್ನ ಎರಡು ಸಂಜೆಯ ಕಥೆ ಕೇಳಿ, ನಿಮ್ಮ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಬಹುದು.

ಮೊದಲು ತಾರೀಕು ಸರಿ ಇದೆಯಾ ನೋಡಿ

ನಗಬೇಡಿ, ನಾನು ಎಡವಿದ್ದೇ ಇಲ್ಲಿ. ಅಪ್ಪನನ್ನು ನೋಡುತ್ತಿದ್ದ ಹಿರಿಯ ಡಾಕ್ಟರೊಬ್ಬರಿಗೆ ಹಿಂದಿನ ವರ್ಷ ಜೂನ್ 1ರಂದು ಶುಭಾಶಯ ಕಳಿಸಿದ್ದೆ. ಯಾವುದೋ ಗುಂಪಿನಲ್ಲಿ ಎಲ್ಲರೂ ಕಳಿಸುತ್ತಿದ್ದರು, ನಾನೂ ಕಳಿಸಿದೆ. ಅವರಿಂದ ಒಂದು ಸಾಲಿನ ಉತ್ತರ ಬಂತು: "ಥ್ಯಾಂಕ್ಸ್ ಕಣಪ್ಪಾ, ಇದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ, ಅಮ್ಮ ಕೊಟ್ಟಿದ್ದು ದೀಪಾವಳಿ ಹತ್ತಿರ ಬರುತ್ತೆ."

ಕರ್ನಾಟಕದಲ್ಲಿ ಐವತ್ತು ದಾಟಿದ ಎಷ್ಟೋ ಜನರ ದಾಖಲೆಯ ಹುಟ್ಟುಹಬ್ಬ ಜೂನ್ 1 ಅಥವಾ ಅದರ ಅಕ್ಕಪಕ್ಕ. ಶಾಲೆಗೆ ಸೇರಿಸುವಾಗ ಮನೆಯವರಿಗೆ ತಾರೀಕು ನೆನಪಿರುತ್ತಿರಲಿಲ್ಲ, ಮೇಷ್ಟ್ರು ವಯಸ್ಸಿಗೆ ಸರಿಹೋಗುವ ಹಾಗೆ ಒಂದು ತಾರೀಕು ಬರೆದುಬಿಡುತ್ತಿದ್ದರು. ನಮ್ಮಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ಅವರೇ ಎಷ್ಟು ಮಕ್ಕಳನ್ನು ಜೂನ್ 1ಕ್ಕೆ ಹುಟ್ಟಿಸಿದ್ದರೋ ಲೆಕ್ಕವಿಲ್ಲ. ಹಾಗಾಗಿ ಫೇಸ್‌ಬುಕ್ಕು, ವಾಟ್ಸಾಪ್ ಗುಂಪು ಹೇಳಿದ ತಾರೀಕನ್ನು ಪೂರ್ತಿ ನಂಬಬೇಡಿ. ಜೂನ್ 1 ಅಂತಿದ್ದರಂತೂ ಒಂದು ಸಲ ಅನುಮಾನ ಪಡಿ. ವಾರ್ಡಿನಲ್ಲಿ ಕೇಕ್ ಕತ್ತರಿಸಿದ ದಿನ ನೀವೇ ಅಲ್ಲಿದ್ದಿರಿ ಅಂದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ನನಗೆ ಸಿಸ್ಟರ್ ಹುಟ್ಟುಹಬ್ಬ ಗೊತ್ತಾದದ್ದು ಹಾಗೇ. ಮಿಷನ್ ಓಡುತ್ತಿರುವಾಗಲೇ ಅವರ ಜೊತೆಯವರು ಚಿಕ್ಕ ಕೇಕ್ ತಂದಿದ್ದರು. ಅಪ್ಪನಿಗೆ ಸಕ್ಕರೆ ಕಾಯಿಲೆಯೂ ಇತ್ತಲ್ಲ, ಉಗುರಿನಷ್ಟು ತುಂಡು ಸಿಕ್ಕಿತು. ಅದನ್ನೇ ಅವರು ಒಂದು ವಾರ ಹೇಳಿಕೊಂಡು ತಿರುಗಿದರು.

ಇನ್ನೊಂದು. ಡಾಕ್ಟರ್ಸ್ ಡೇ, ನರ್ಸ್ ಡೇ ದಿನ ಕಳಿಸಿದರೆ ಆಯ್ತಲ್ಲ ಅಂತ ಕೆಲವರು ಅನ್ನುತ್ತಾರೆ. ಡಾಕ್ಟರ್ಸ್ ಡೇ ಬರುವ ಜುಲೈ 1, ಹೆಸರಾಂತ ಡಾಕ್ಟರ್ ಬಿ.ಸಿ. ರಾಯ್ ಅವರ ಹುಟ್ಟಿದ ದಿನ, ತೀರಿಕೊಂಡದ್ದೂ ಅದೇ ತಾರೀಕು. ನರ್ಸ್ ಡೇ ಬರುವ ಮೇ 12, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಎರಡೂ ಬೇರೆಯವರ ಹುಟ್ಟುಹಬ್ಬ, ಅಲ್ವಾ? ಅವತ್ತು ಫೋನಿಗೆ ಬೀಳುವ ನೂರು ಫಾರ್ವರ್ಡುಗಳಲ್ಲಿ ನಿಮ್ಮದೂ ಒಂದಾಗುತ್ತದೆ. ಅವರದೇ ಹುಟ್ಟುಹಬ್ಬಕ್ಕೆ, ಹಳೇ ಪೇಷೆಂಟಿನ ಮನೆಯಿಂದ, ಕೈಯಾರೆ ಟೈಪ್ ಮಾಡಿದ ಮೆಸೇಜ್ ಬರುವುದು ಅಪರೂಪ.

ಒಂದೇ ಒಂದು ಘಟನೆ ಆರಿಸಿಕೊಳ್ಳಿ

ಮೆಸೇಜಿನ ಜೀವ ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬರೆಯುವ ಮೊದಲು ಫೋನ್ ಪಕ್ಕಕ್ಕಿಡಿ. ಆ ಡಾಕ್ಟರ್ ಅಥವಾ ಸಿಸ್ಟರ್ ನಿಮ್ಮ ಮನೆಯವರಿಗಾಗಿ ಮಾಡಿದ ಕೆಲಸ ಕಣ್ಣಿಗೆ ಕಟ್ಟುವ ಹಾಗೆ ನೆನಪಿರುವುದು ಯಾವುದು ಅಂತ ನೋಡಿ. "ಚೆನ್ನಾಗಿ ನೋಡಿಕೊಂಡರು" ಅನ್ನೋದು ಘಟನೆ ಅಲ್ಲ. ಯಾವ ದಿನ, ಕೈಯಲ್ಲಿ ಏನಿತ್ತು, ಬಾಯಲ್ಲಿ ಏನು ಅಂದರು ಅನ್ನೋದು ಘಟನೆ.

ನನಗೆ ಮೊದಲು ನೆನಪಾದದ್ದು ಸಿಸ್ಟರ್ ಅಪ್ಪನ ಎಡಗೈ ಮುಟ್ಟುತ್ತಿದ್ದ ರೀತಿ. ಡಯಾಲಿಸಿಸ್ ಮಾಡುವವರ ಕೈಯಲ್ಲಿ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಆಪರೇಷನ್ ಮಾಡಿ ಜೋಡಿಸಿರುತ್ತಾರೆ, ಫಿಸ್ಟುಲಾ ಅಂತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಝುಂ ಅಂತ ಅದುರುವುದು ಗೊತ್ತಾಗುತ್ತದೆ. ಅದುರು ಇದ್ದರೆ ರಕ್ತ ಸರಿಯಾಗಿ ಹರಿಯುತ್ತಿದೆ ಅಂತ. ಸಿಸ್ಟರ್ ಸೂಜಿ ಚುಚ್ಚುವ ಮೊದಲು ಎರಡು ಬೆರಳು ಅಲ್ಲಿಟ್ಟು, ಕಣ್ಣು ಬೇರೆಲ್ಲೋ ನೆಟ್ಟು, ಒಂದು ಕ್ಷಣ ಸುಮ್ಮನಿರುತ್ತಿದ್ದರು. ದೂರದ ರೇಡಿಯೋ ಕೇಳುವವರ ಹಾಗೆ. ಆಮೇಲೆ "ಹಾಂ, ಮೇಷ್ಟ್ರು ಮೋಟರು ಓಡ್ತಿದೆ" ಅನ್ನುತ್ತಿದ್ದರು. ಆ ಸೂಜಿ ಸಾಮಾನ್ಯ ಇಂಜೆಕ್ಷನ್ ಸೂಜಿಗಿಂತ ದಪ್ಪ, ಅಂಥವು ಎರಡು ಚುಚ್ಚಬೇಕು. ಅಪ್ಪ ಸೂಜಿಗೆ ಹೆದರುತ್ತಿದ್ದರು. ಈ ಸಿಸ್ಟರ್ ಡ್ಯೂಟಿಯಲ್ಲಿದ್ದರೆ ಮಾತ್ರ ಹೆದರುತ್ತಿರಲಿಲ್ಲ.

ಎರಡನೆಯದು ತೂಕದ ಮಿಷನ್. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರತಿ ಸಲ ಹೋದ ತಕ್ಷಣ ತೂಕ ನೋಡುತ್ತಾರೆ. ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗ ಇರಬೇಕಾದ ತೂಕಕ್ಕೆ ಡ್ರೈ ವೇಟ್ ಅಂತಾರೆ, ಅಪ್ಪನದು 58 ಕಿಲೋ. ಒಂದು ಸೋಮವಾರ ಮುಳ್ಳು 61.4ಕ್ಕೆ ನಿಂತಿತು. ಹಿಂದಿನ ದಿನ ನೆಂಟರ ಮದುವೆಯಲ್ಲಿ ಸಾರು, ಪಾಯಸ, ಮೇಲೆ ಎರಡು ಲೋಟ ಮಜ್ಜಿಗೆ ಆಗಿತ್ತು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸಿಸ್ಟರ್ ತೂಕ ನೋಡಿ, ಬರೆದುಕೊಳ್ಳುತ್ತಾ, ತಲೆ ಎತ್ತದೆ ಕೇಳಿದರು: "ಮೇಷ್ಟ್ರೇ, ಯಾರ ಮದುವೆ?" ಅಪ್ಪ ಸಿಕ್ಕಿಬಿದ್ದ ಹುಡುಗನ ಹಾಗೆ ನಕ್ಕರು. ಅವತ್ತು ಜಾಸ್ತಿ ನೀರು ತೆಗೆಯಬೇಕಾಗಿ ಬಂತು. ಮೂರನೇ ಗಂಟೆಗೆ ಕಾಲಿನ ಸ್ನಾಯು ಹಿಡಿದುಕೊಂಡಿತು. ಸಿಸ್ಟರ್ ಬೆಡ್ಡಿನ ತುದಿಗೆ ಬಂದು ಅಪ್ಪನ ಪಾದವನ್ನು ಮೊಣಕಾಲಿನ ಕಡೆಗೆ ಒತ್ತಿ ಹಿಡಿದು ನಿಂತರು, ಬೈಯಲಿಲ್ಲ.

ಇಷ್ಟೆಲ್ಲ ನೆನಪಾದಾಗ ಎಲ್ಲವನ್ನೂ ಬರೆಯಬೇಕು ಅನ್ನಿಸುತ್ತದೆ. ಬರೆಯಬೇಡಿ. ಒಂದನ್ನು ಆರಿಸಿ. ಎರಡು ಹಾಕಿದರೆ ಪಟ್ಟಿಯಾಗುತ್ತದೆ, ಮೂರು ಹಾಕಿದರೆ ಬೀಳ್ಕೊಡುಗೆ ಭಾಷಣವಾಗುತ್ತದೆ. ಹುಟ್ಟುಹಬ್ಬದ ದಿನ ಓದುವುದರಿಂದ ನಗು ಇರುವ ಘಟನೆಯೇ ಮೇಲು. ನಾನು ಮದುವೆ ಊಟದ್ದನ್ನು ಆರಿಸಿಕೊಂಡೆ.

ಆರಿಸಿದ್ದು ಸರಿಯಾ ಅಂತ ನೋಡಲು ಒಂದು ಉಪಾಯ ಇದೆ. ಬರೆದ ಸಾಲನ್ನು ಹೆಸರು ಮಾತ್ರ ಬದಲಿಸಿ ಬೇರೆ ಡಾಕ್ಟರಿಗೆ ಕಳಿಸಬಹುದಾ ನೋಡಿ. ಕಳಿಸಬಹುದು ಅಂದರೆ ಆ ಸಾಲು ಬೇಡ. "ನಿಮ್ಮ ನಗುಮುಖದ ಸೇವೆ" ಊರಿನ ಎಲ್ಲ ನರ್ಸುಗಳಿಗೂ ಹೊಂದುತ್ತದೆ. "ಮೇಷ್ಟ್ರೇ, ಯಾರ ಮದುವೆ?" ಒಬ್ಬರಿಗೇ ಹೊಂದುವುದು.

ನನ್ನ ಮೊದಲ ಡ್ರಾಫ್ಟು, ಮತ್ತು ಅದನ್ನು ಯಾಕೆ ಅಳಿಸಿದೆ

ಮೊದಲ ಸಂಜೆ ಬರೆದದ್ದು ಇದು. ನಾಚಿಕೆ ಆಗುತ್ತದೆ, ಆದರೂ ಹಾಗೇ ಕೊಡುತ್ತೇನೆ.

> ಪ್ರೀತಿಯ ಸಿಸ್ಟರ್, ತಮಗೆ ಜನ್ಮದಿನದ ಹಾರ್ದಿಕ ಶುಭಾಶಯಗಳು. ನೀವು ನಮ್ಮ ಪಾಲಿನ ದೇವತೆ. ನಿಮ್ಮ ಋಣವನ್ನು ಏಳೇಳು ಜನ್ಮಕ್ಕೂ ತೀರಿಸಲು ಸಾಧ್ಯವಿಲ್ಲ. ನೀವಿಲ್ಲದಿದ್ದರೆ ನಮ್ಮ ತಂದೆ ಎರಡು ವರ್ಷ ಬದುಕುತ್ತಲೇ ಇರಲಿಲ್ಲ. ಅವರು ಹೋದ ಮೇಲೆ ಮನೆ ಖಾಲಿ ಖಾಲಿ, ಅಮ್ಮ ಇನ್ನೂ ಅಳುತ್ತಾರೆ. ನಿಮ್ಮ ನಿಸ್ವಾರ್ಥ ಸೇವೆ ಅಮೋಘ. ದೇವರು ನಿಮಗೆ ಆಯುರಾರೋಗ್ಯ ಐಶ್ವರ್ಯ ಕರುಣಿಸಲಿ. ನೂರ್ಕಾಲ ಸುಖವಾಗಿ ಬಾಳಿ.

ಒಂದೊಂದಾಗಿ ನೋಡೋಣ.

"ದೇವತೆ" ಅಂದ ತಕ್ಷಣ ಎದುರಿಗಿರುವ ಮನುಷ್ಯರು ಮಾಯ. ಸಿಸ್ಟರಿಗೆ ಕಾಲು ನೋಯುತ್ತದೆ, ರಜೆ ಸಿಗುವುದಿಲ್ಲ, ಒಮ್ಮೊಮ್ಮೆ ಸಿಡುಕುತ್ತಾರೆ. ದೇವತೆ ಮಾಡಿಬಿಟ್ಟರೆ ನಾಳೆ ಅವರು ಒಂದು ಸಲ ಫೋನ್ ತೆಗೆಯದಿದ್ದರೆ ನಮಗೇ ಬೇಜಾರು. ಏಳೇಳು ಜನ್ಮದ ಋಣವೂ ಅಷ್ಟೇ. ಹೇಳುವವರಿಗೆ ಹಗುರ, ಕೇಳುವವರು ಅದಕ್ಕೆ ಏನು ಅನ್ನಬೇಕು? "ಅಯ್ಯೋ, ಹಾಗೆಲ್ಲ ಏನಿಲ್ಲ" ಅನ್ನಲೇಬೇಕಾಗುತ್ತದೆ. ಓದಿದವರನ್ನು "ಹಾಗೇನಿಲ್ಲ" ಅನ್ನುವ ಜಾಗಕ್ಕೆ ತಳ್ಳಿದರೆ ಮೆಸೇಜ್ ಅತಿಯಾಯಿತು ಅಂತಲೇ ಅರ್ಥ.

"ನೀವಿಲ್ಲದಿದ್ದರೆ ಬದುಕುತ್ತಿರಲಿಲ್ಲ" ಅನ್ನೋದು ಕೇಳಲು ದೊಡ್ಡ ಮಾತು, ಆದರೆ ನಿಜ ಅಲ್ಲ, ಅದು ನಿಜ ಅಲ್ಲ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಸಿಸ್ಟರಿಗೇ. ಮಿಷನ್ ನೋಡಿಕೊಂಡ ಟೆಕ್ನೀಷಿಯನ್ ಇದ್ದರು, ಔಷಧ ಬದಲಿಸಿದ ಡಾಕ್ಟರ್ ಇದ್ದರು, ಬೆಳಗ್ಗೆ ಐದಕ್ಕೆ ಎದ್ದು ಉಪ್ಪು ಕಡಿಮೆ ಹಾಕಿ ಅಡಿಗೆ ಮಾಡಿದ ಅಮ್ಮ ಇದ್ದರು. ಎಲ್ಲರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿದರೆ ಅವರಿಗೆ ಇಷ್ಟವಾಗುವುದಿಲ್ಲ. ಅವರು ತಾವೇ ಮಾಡಿದ ಒಂದು ಸಣ್ಣ ಕೆಲಸವನ್ನು ನೀವು ಗಮನಿಸಿದ್ದಿರಿ ಅಂತ ಗೊತ್ತಾದರೆ ಇಷ್ಟವಾಗುತ್ತದೆ.

"ನಿಸ್ವಾರ್ಥ ಸೇವೆ" ಬಗ್ಗೆ ನನ್ನದೇ ಒಂದು ತಕರಾರಿದೆ. ಅದು ಸಂಬಳದ ಕೆಲಸ, ಕಲಿತು ಪಳಗಿದ ಕೈಚಳಕ. ಎರಡು ದಪ್ಪ ಸೂಜಿಗಳನ್ನು ಒಂದೇ ಸಲಕ್ಕೆ ಸರಿಯಾಗಿ ಹಾಕುವುದು ಕರುಣೆಯಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ. ಸೇವೆ ಅಂದುಬಿಟ್ಟರೆ ಆ ಕೈಚಳಕ ಕಾಣದೆ ಹೋಗುತ್ತದೆ. "ನಿಮ್ಮ ಕೈ ಚೆನ್ನಾಗಿತ್ತು" ಅನ್ನಿ, ಅವರಿಗೆ ಅದೇ ದೊಡ್ಡ ಮೆಚ್ಚುಗೆ.

ಇನ್ನು "ನೂರ್ಕಾಲ ಬಾಳಿ". ಇದು ಹರಕೆ. ಹರಸುವುದು ದೊಡ್ಡವರು ಚಿಕ್ಕವರಿಗೆ. ಸಿಸ್ಟರಿಗೆ ನನಗಿಂತ ಎಂಟು ಹತ್ತು ವರ್ಷ ಜಾಸ್ತಿ. ನಾನು ಅವರನ್ನು ಹರಸಿದರೆ ತಮಾಷೆಯಾಗಿ ಕಾಣುತ್ತದೆ. ಅಮ್ಮ ಕಳಿಸುವುದಾದರೆ "ನೂರ್ಕಾಲ ತಣ್ಣಗಿರಮ್ಮ" ಅನ್ನಬಹುದು, ಅವರ ಬಾಯಲ್ಲಿ ಅದು ಚೆನ್ನ. ಚಿಕ್ಕವರು "ಹುಟ್ಟುಹಬ್ಬದ ಶುಭಾಶಯ" ಅಂದರೆ ಸಾಕು. "ತಮಗೆ", "ಹಾರ್ದಿಕ", "ಕರುಣಿಸಲಿ" ಎಲ್ಲ ಫ್ಲೆಕ್ಸ್ ಬೋರ್ಡಿನ ಭಾಷೆ. ವಾರ್ಡಿನಲ್ಲಿ ಅವರ ಹತ್ತಿರ ಹೇಗೆ ಮಾತಾಡುತ್ತಿದ್ದಿರೋ ಹಾಗೇ ಬರೆಯಿರಿ.

ಡಾಕ್ಟರುಗಳಿಗೆ "ವೈದ್ಯೋ ನಾರಾಯಣೋ ಹರಿಃ" ಅಂತ ಕಳಿಸುವವರಿಗೆ ಒಂದು ಮಾತು. ಪೂರ್ತಿ ಶ್ಲೋಕ ನೋಡಿ: ಶರೀರೇ ಜರ್ಜರೀಭೂತೇ ವ್ಯಾಧಿಗ್ರಸ್ತೇ ಕಲೇವರೇ, ಔಷಧಂ ಜಾಹ್ನವೀತೋಯಂ ವೈದ್ಯೋ ನಾರಾಯಣೋ ಹರಿಃ. ದೇಹ ಜರ್ಜರಿತವಾಗಿ ಕಾಯಿಲೆ ಮುತ್ತಿಕೊಂಡಾಗ ಗಂಗಾಜಲವೇ ಔಷಧ, ಹರಿಯೇ ವೈದ್ಯ. ಡಾಕ್ಟರೇ ದೇವರು ಅಂತ ಓದಬಹುದು ನಿಜ, ಆದರೆ ಇನ್ನು ಡಾಕ್ಟರಿಂದ ಆಗುವುದು ಏನೂ ಇಲ್ಲ, ಗಂಗಾಜಲ ಬಿಡಿ ಅಂತಲೂ ಓದಬಹುದು. ಹುಟ್ಟುಹಬ್ಬಕ್ಕೆ ಬೇಕಾ ಇದು?

ಅಪ್ಪ ಹೋದದ್ದನ್ನು ಬರೆಯಬೇಕಾ?

ಕಷ್ಟದ ಪ್ರಶ್ನೆ ಇದು. ಪೇಷೆಂಟ್ ಗುಣವಾಗಿ ಮನೆಯಲ್ಲಿದ್ದರೆ ಸುಲಭ, "ಅಪ್ಪ ಈಗ ದಿನಾ ಎರಡು ಕಿಲೋಮೀಟರ್ ನಡೀತಾರೆ" ಅಂತ ಒಂದು ಸಾಲು ಹಾಕಿದರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಇಲ್ಲದವರ ಬಗ್ಗೆ ಏನು ಬರೆಯೋದು?

ಅವರನ್ನು ಬಿಟ್ಟು ಬರೆಯಲು ಆಗುವುದಿಲ್ಲ. ಸಿಸ್ಟರಿಗೂ ನಮಗೂ ಇದ್ದ ಸಂಬಂಧವೇ ಅಪ್ಪ. ಆದರೆ "ಮನೆ ಖಾಲಿ, ಅಮ್ಮ ಅಳುತ್ತಾರೆ" ಅನ್ನೋದು ದುಃಖ ಹಂಚಿಕೊಳ್ಳುವ ಮಾತು. ಹುಟ್ಟುಹಬ್ಬದ ದಿನ ಅವರು ಅದನ್ನು ಓದಿ ನಮಗೆ ಸಮಾಧಾನ ಹೇಳಬೇಕಾಗುತ್ತದೆ. ಅವರ ದಿನ ನಮ್ಮ ದಿನ ಆಗಿಬಿಡುತ್ತದೆ. ಅದೂ ಅಲ್ಲದೆ, ಡಯಾಲಿಸಿಸ್ ವಾರ್ಡಿನವರು ಇಂಥ ಸಾವುಗಳನ್ನು ತುಂಬಾ ನೋಡಿರುತ್ತಾರೆ. ತಮ್ಮಿಂದ ಇನ್ನೇನಾದರೂ ಆಗಬಹುದಿತ್ತಾ ಅನ್ನೋ ಪ್ರಶ್ನೆ ಅವರಲ್ಲೂ ಇರುತ್ತದೆ. "ಕೊನೆಗೂ ಉಳಿಸಿಕೊಳ್ಳಲು ಆಗಲಿಲ್ಲ, ಆದರೂ ನೀವು ನಿಮ್ಮ ಪ್ರಯತ್ನ ಮಾಡಿದಿರಿ" ಅನ್ನೋ ಸಾಲು ಒಳ್ಳೆಯ ಮನಸ್ಸಿನಿಂದ ಬರೆದದ್ದಾದರೂ ಚುಚ್ಚುತ್ತದೆ. "ಆದರೂ" ಅನ್ನೋ ಪದ ಎಲ್ಲೇ ಕಂಡರೂ ತೆಗೆಯಿರಿ.

ನಾನು ಮಾಡಿದ್ದು ಇಷ್ಟೇ. ಸಾವಿನ ಬಗ್ಗೆ ಬರೆಯಲಿಲ್ಲ, ಬದುಕಿದ್ದಾಗಿನ ಅಪ್ಪನ ಬಗ್ಗೆ ಬರೆದೆ. ನಗುತ್ತಿದ್ದ ಅಪ್ಪನನ್ನು ತಂದರೆ ಹುಟ್ಟುಹಬ್ಬಕ್ಕೆ ಅವರೂ ಬಂದ ಹಾಗೆ. ಸಾವಾಗಿ ಇನ್ನೂ ತಿಂಗಳು ಒಂದೆರಡು ಆಗಿದ್ದರೆ ಮಾತ್ರ ಆ ವರ್ಷ ಸುಮ್ಮನೆ ಒಂದು ಸಾಲಿನ ಶುಭಾಶಯ ಕಳಿಸಿ, ಉಳಿದದ್ದು ಮುಂದಿನ ವರ್ಷಕ್ಕಿರಲಿ.

ಕೊನೆಗೆ ಕಳಿಸಿದ ಮೆಸೇಜು

> ಸಿಸ್ಟರ್, ನಮಸ್ಕಾರ. ಸೋಮವಾರ ಗುರುವಾರ ಬೆಳಗಿನ ಶಿಫ್ಟಿಗೆ ಬರ್ತಿದ್ರಲ್ಲ, ಮೂರನೇ ಬೆಡ್ಡಿನ ಮೇಷ್ಟ್ರು, ಅವರ ಮಗ ನಾನು. ಹುಟ್ಟುಹಬ್ಬದ ಶುಭಾಶಯ. ಮೊನ್ನೆ ಒಂದು ಮದುವೆಯಲ್ಲಿ ಮಜ್ಜಿಗೆ ಬಡಿಸಲು ಬಂದಾಗ, ನೀವು ತೂಕ ನೋಡಿ "ಮೇಷ್ಟ್ರೇ, ಯಾರ ಮದುವೆ?" ಅಂದಿದ್ದು ನೆನಪಾಗಿ ಅಮ್ಮನೂ ನಾನೂ ನಕ್ಕೆವು. ಸೂಜಿಗೆ ಹೆದರುತ್ತಿದ್ದ ಅಪ್ಪ, ನೀವು ಡ್ಯೂಟಿಯಲ್ಲಿದ್ದ ದಿನ ಹೆದರುತ್ತಿರಲಿಲ್ಲ. ಇದನ್ನು ನಿಮಗೆ ಹೇಳಿರಲಿಲ್ಲ. ಅಮ್ಮ ನಿಮ್ಮನ್ನು ಕೇಳಿದ್ದಾಗಿ ಹೇಳು ಅಂದರು.

ಮೊದಲು ನಾನು ಯಾರು ಅಂತ ಹೇಳಿದ್ದೇನೆ. ಇದನ್ನು ಎಲ್ಲರೂ ಮರೆಯುತ್ತಾರೆ. ನಮಗೆ ಅವರು ಒಬ್ಬರೇ, ಅವರಿಗೆ ನಾವು ನೂರರಲ್ಲಿ ಒಬ್ಬರು. ನಂಬರ್ ಸೇವ್ ಆಗಿರುವುದಿಲ್ಲ. ಹೆಸರಿಗಿಂತ ಬೆಡ್ಡು, ಶಿಫ್ಟು, ಊರು, ಕೆಲಸ ಬೇಗ ನೆನಪಾಗುತ್ತವೆ. "ಗೊತ್ತಾಯ್ತಾ?" ಅಂತ ಒಗಟು ಹಾಕಬೇಡಿ.

ಆಮೇಲೆ ಶುಭಾಶಯ, ಘಟನೆ, ಅವರಿಂದ ನಮಗೆ ಆದದ್ದು ಒಂದು ಸಾಲು. ಧನ್ಯವಾದ ಅನ್ನೋ ಪದ ಎಲ್ಲೂ ಇಲ್ಲ, ನೋಡಿ. ನಾವು ಹತ್ತಿರದವರಿಗೆ ಧನ್ಯವಾದ ಹೇಳುವವರಲ್ಲ. ಅಪ್ಪ ಹೆದರುತ್ತಿರಲಿಲ್ಲ ಅಂದದ್ದರಲ್ಲೇ ಅದು ಬಂತು. ಹೇಳಲೇಬೇಕು ಅನ್ನಿಸಿದರೆ "ನಿಮ್ಮಿಂದ ತುಂಬಾ ಉಪಕಾರ ಆಯ್ತು" ಅನ್ನಿ, ಒಂದೇ ಸಲ. "ಅಮ್ಮ ಕೇಳಿದ್ದಾಗಿ ಹೇಳು ಅಂದರು" ಅನ್ನೋದು ಕಾಗದದ ಕಾಲದ ಮಾತು, ಆದರೆ ಮುಗಿಸಲು ಅದರಷ್ಟು ಅನುಕೂಲದ್ದು ನನಗೆ ಬೇರೆ ಸಿಕ್ಕಲಿಲ್ಲ.

ಡಾಕ್ಟರಿಗಾದರೆ ಇನ್ನೂ ಚಿಕ್ಕದು ಸಾಕು. ನಮ್ಮಜ್ಜಿಗೆ ಓದಲು ಬರುತ್ತಿರಲಿಲ್ಲ. ಅವರ ಡಾಕ್ಟರ್ ಚೀಟಿಯ ಹಿಂದೆ ಮಾತ್ರೆಗಳ ಪಕ್ಕ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಟ್ಟಿದ್ದರು. ನಮ್ಮ ಅಕ್ಕ ಅವರಿಗೆ ಬರೆದದ್ದು: "ಡಾಕ್ಟ್ರೇ, ಹುಟ್ಟುಹಬ್ಬದ ಶುಭಾಶಯ. ನೀವು ಸೂರ್ಯ ಚಂದ್ರ ಬರೆದುಕೊಟ್ಟ ಚೀಟಿ ಅಜ್ಜಿ ಇನ್ನೂ ದೇವರ ಗೂಡಿನ ಪಕ್ಕ ಅಂಟಿಸಿಕೊಂಡಿದ್ದಾರೆ. ಮಾತ್ರೆ ಒಂದೂ ತಪ್ಪಿಲ್ಲ." ಇದಕ್ಕಿಂತ ಏನು ಬೇಕು?

ಕರೆಯುವುದು ಹೇಗೆ ಅಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಸಿಸ್ಟರ್ ಅಂತಿದ್ದರೆ ಸಿಸ್ಟರ್, ಗಂಡು ನರ್ಸಿಗೆ ಬ್ರದರ್, ಡಾಕ್ಟರಿಗೆ ಸರ್, ಮೇಡಂ ಅಥವಾ ಡಾಕ್ಟ್ರೇ. ಹುಟ್ಟುಹಬ್ಬ ಅಂತ ಒಂದು ದಿನಕ್ಕೆ "ಅಕ್ಕಾ" ಅಂದರೆ ಕೃತಕ. ಮೊದಲೇ ಅಕ್ಕಾ ಅಂತಿದ್ದರೆ ಅದನ್ನೇ ಇಟ್ಟುಕೊಳ್ಳಿ.

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಕೇರಳದಿಂದ ಬಂದ ಸಿಸ್ಟರುಗಳು ಬೇಕಾದಷ್ಟು ಇದ್ದಾರೆ. ಕನ್ನಡ ಅರಳು ಹುರಿದ ಹಾಗೆ ಮಾತಾಡುತ್ತಾರೆ, ಓದಲು ಮಾತ್ರ ಬರುವುದಿಲ್ಲ. ಅವರಿಗೆ ಇಪ್ಪತ್ತು ಮೂವತ್ತು ಸೆಕೆಂಡಿನ ವಾಯ್ಸ್ ಮೆಸೇಜ್ ಕಳಿಸಿ. ಮೊದಲೇ ಚೀಟಿಯಲ್ಲಿ ಬರೆದುಕೊಂಡು ಮಾತಾಡಿ, ಇಲ್ಲದಿದ್ದರೆ "ಅದೇನಪ್ಪಾ ಅಂದ್ರೆ" ಅಂತ ಎರಡು ನಿಮಿಷ ಹೋಗುತ್ತದೆ. ವಾರ್ಡಿನಲ್ಲಿ ಸ್ಪೀಕರಿನಲ್ಲಿ ಹಾಕಿ ಕೇಳಿಯಾರು, ಕಾಯಿಲೆಯ ವಿಷಯ ಅದರಲ್ಲಿ ಬೇಡ.

ಕಳಿಸುವ ಹೊತ್ತು, ಜಾಗ

ರಾತ್ರಿ ಹನ್ನೆರಡಕ್ಕೆ ಕಳಿಸಬೇಡಿ. ಗೆಳೆಯರಿಗೆ ಅದು ಸಂಭ್ರಮ. ಡಾಕ್ಟರ ಮನೆಯಲ್ಲಿ ಆ ಹೊತ್ತಿಗೆ ಫೋನ್ ಸದ್ದಾಯಿತು ಅಂದರೆ ಯಾರಿಗೋ ಏನೋ ಆಗಿದೆ ಅಂತ ಎದ್ದು ಕೂರುತ್ತಾರೆ. ಸಿಸ್ಟರಿಗಾದರೆ ಅವರ ಡ್ಯೂಟಿ ನಿಮಗೆ ಗೊತ್ತಿರುತ್ತದೆ. ಡಯಾಲಿಸಿಸ್‌ನಲ್ಲಿ ಬೆಳಗ್ಗೆ ಎಲ್ಲರನ್ನೂ ಮಿಷನ್ನಿಗೆ ಹಾಕುವ ಹೊತ್ತು ಉಸಿರಾಡಲೂ ಬಿಡುವಿರುವುದಿಲ್ಲ. ನಾನು ಮಧ್ಯಾಹ್ನ ಮೂರಕ್ಕೆ ಕಳಿಸಿದೆ.

ಅವರಿಗೊಬ್ಬರಿಗೇ ಕಳಿಸಿ. ಗುಂಪಿನಲ್ಲಿ ಹಾಕಿದರೆ ಪಕ್ಕದ ಸಿಸ್ಟರ್ "ನಾವೇನು ಮಾಡಿಲ್ವಾ" ಅಂದುಕೊಳ್ಳುತ್ತಾರೆ, ಮನೆಯವರ ಕಾಯಿಲೆ ಊರಿಗೆಲ್ಲ ಗೊತ್ತಾಗುತ್ತದೆ. ಡಾಕ್ಟರ ಜೊತೆ ಅಪ್ಪ ಬೆಡ್ಡಿನಲ್ಲಿರುವ ಫೋಟೋ ಸ್ಟೇಟಸ್ಸಿಗೆ ಹಾಕುವುದಂತೂ ಬೇಡವೇ ಬೇಡ. ಮೆಸೇಜ್ ಜೊತೆಗೆ ದುಡ್ಡು, ಸೀರೆ, ಗಿಫ್ಟ್ ಕಾರ್ಡು ಕಳಿಸಬೇಡಿ. ಸರ್ಕಾರಿ ಆಸ್ಪತ್ರೆಯವರಿಗೆ ಉಡುಗೊರೆ ತೆಗೆದುಕೊಳ್ಳುವುದಕ್ಕೆ ನಿಯಮಗಳಿವೆ, ನಿಮ್ಮ ಪ್ರೀತಿ ಅವರಿಗೆ ತಲೆನೋವಾಗಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು, ಅದೇ ಮೆಸೇಜಿನಲ್ಲಿ ಏನೂ ಕೇಳಬೇಡಿ. ನಮ್ಮ ಸಂಬಂಧಿಕರೊಬ್ಬರು ಡಾಕ್ಟರಿಗೆ ಚೆಂದದ ಶುಭಾಶಯ ಬರೆದು, ಅದರ ಕೆಳಗೇ "ಸರ್, ಹಾಗೇ ಇದೊಂದು ನೋಡಿಬಿಡಿ" ಅಂತ ಕ್ರಿಯಾಟಿನಿನ್ ರಿಪೋರ್ಟಿನ ಫೋಟೋ ಹಾಕಿದರು. ಡಾಕ್ಟರು ರಿಪೋರ್ಟಿಗೆ ಉತ್ತರ ಕೊಟ್ಟರು, ಶುಭಾಶಯಕ್ಕೆ ಏನೂ ಅನ್ನಲಿಲ್ಲ. ಸರಿಯಾಗೇ ಇದೆ, ಮೇಲಿನದು ಕೆಳಗಿನದಕ್ಕೆ ಹಚ್ಚಿದ ಬೆಣ್ಣೆ ಅಂತ ಅವರಿಗೆ ಕಂಡಿತು. ರಿಪೋರ್ಟ್ ತುರ್ತು ಇದ್ದರೆ ಆಸ್ಪತ್ರೆಗೆ ಫೋನ್ ಮಾಡಿ, ಶುಭಾಶಯ ಆ ವರ್ಷ ಬಿಟ್ಟುಬಿಡಿ. ಈಗಲೂ ಅವರ ಹತ್ತಿರವೇ ಚಿಕಿತ್ಸೆ ನಡೆಯುತ್ತಿದ್ದರೆ ಶುಭಾಶಯಕ್ಕೂ ಮುಂದಿನ ಪ್ರಶ್ನೆಗೂ ಮಧ್ಯೆ ಎರಡು ಮೂರು ದಿನವಾದರೂ ಬಿಡಿ.

ಉತ್ತರ ಬರದೆಯೂ ಇರಬಹುದು. ನೀಲಿ ಗುರುತು ಬಂದು ಎರಡು ದಿನ ಆಯ್ತು ಅಂತ "ನೋಡಿದ್ರಾ ಸಿಸ್ಟರ್?" ಅನ್ನಬೇಡಿ.

ನನಗೆ ಬಂದದ್ದು ಮರುದಿನ ರಾತ್ರಿ, ಹದಿನೈದು ಸೆಕೆಂಡಿನ ವಾಯ್ಸ್. ಹಿಂದೆ ಕುಕ್ಕರ್ ಕೂಗುತ್ತಿತ್ತು. "ಮೇಷ್ಟ್ರು ಮಗನಾ? ಗೊತ್ತಾಯ್ತು ಗೊತ್ತಾಯ್ತು. ಮಜ್ಜಿಗೆ ಒಂದೇ ಅಲ್ಲ, ಅವತ್ತು ಕಲ್ಲಂಗಡಿನೂ ತಿಂದಿದ್ರು, ನಿಮಗೆ ಹೇಳ್ಬೇಡ ಅಂದಿದ್ರು. ಅಮ್ಮ ಬಿಪಿ ಮಾತ್ರೆ ತಗೋತಿದಾರಾ?"

ಅವರು ಹೀಗೆ ಏನಾದರೂ ಕೇಳಿದರೆ ಕೇಳಿದ್ದಕ್ಕೆ ಮಾತ್ರ ಒಂದು ಸಾಲು ಬರೆಯಿರಿ, ಅಮ್ಮನ ಪೂರ್ತಿ ಆರೋಗ್ಯದ ಕಥೆ ಶುರು ಮಾಡಬೇಡಿ. "ತಗೋತಿದಾರೆ ಸಿಸ್ಟರ್. ಕಲ್ಲಂಗಡಿ ವಿಷಯ ಅಮ್ಮನಿಗೆ ಹೇಳಿದೆ, ಬೈತಿದಾರೆ" ಅಂತ ಬರೆದು ಫೋನ್ ಇಟ್ಟೆ.